ಒಂದೇ ಮುಂದಿನ ಲೆನ್ಸ್, ಎರಡು ಹಿಂದಿನ ಲೆನ್ಸ್: ಪೈಪ್ ಟೆಲಿಸ್ಕೋಪ್‌ನಲ್ಲಿ ಬೆಳಕು ಎಲ್ಲಿ ಕಟ್ ಆಗುತ್ತೆ, ನೋಟ ಎಲ್ಲಿ ಕಟ್ ಆಗುತ್ತೆ

ಮೊದ್ಲು ಏನಾಯ್ತು ಅಂತ ಹೇಳ್ಬಿಡ್ತೀನಿ, ಆಮೇಲೆ ಕಟ್ಟಿದ್ದು ಹೇಗೆ ಅಂತ. ಪಿವಿಸಿ ಪೈಪಿಗೆ 300 ಎಂಎಂ ಫೋಕಲ್ ಲೆಂತ್ ಇರೋ ಒಂದು ಉಬ್ಬು ಲೆನ್ಸ್ ಮುಂದೆ ಹಾಕಿ, ಹಿಂದೆ ಬದಲಾಯಿಸಿ ಬದಲಾಯಿಸಿ ಎರಡು ಥರದ ಲೆನ್ಸ್ ಕೂರಿಸೋ ಹಾಗೆ ಮಾಡ್ಕೊಂಡಿದೀನಿ. ಒಂದು 50 ಎಂಎಂ ತಗ್ಗು ಲೆನ್ಸ್, ಅಂದ್ರೆ ಗೆಲಿಲಿಯನ್ ಥರದ್ದು. ಇನ್ನೊಂದು 50 ಎಂಎಂ ಉಬ್ಬು ಲೆನ್ಸ್, ಕೆಪ್ಲರ್ ಥರದ್ದು. ಎರಡರಲ್ಲೂ ಆರು ಪಟ್ಟು ದೊಡ್ಡದಾಗಿ ಕಾಣುತ್ತೆ. ಈಗ ಕರಿ ರಟ್ಟಿನಲ್ಲಿ 30 ಎಂಎಂ ತೂತು ಕೊರೆದು ಮುಂದಿನ ಲೆನ್ಸಿಗೆ ಮುಚ್ಚಳದ ಥರ ಹಾಕಿದ್ರೆ ಹಗಲಲ್ಲಿ ಎರಡರಲ್ಲೂ ಚಿತ್ರ ಒಂಚೂರೂ ಕತ್ತಲೆ ಆಗಲ್ಲ, ಆದ್ರೆ ಗೆಲಿಲಿಯನ್‌ನಲ್ಲಿ ಕಾಣೋ ಜಾಗ ಚಿಕ್ಕದಾಗ್ಬಿಡುತ್ತೆ, ಕೆಪ್ಲರ್‌ನಲ್ಲಿ ಜಾಗ ಹಾಗೇ ಇರುತ್ತೆ. ಅದೇ ರಟ್ಟು, ಅದೇ ಲೆನ್ಸು, ಅದೇ ಪವರ್ರು.

ಇದನ್ನ ನೋಡಿ ನಮ್ಮ ಭಾವ ಕೇಳಿದ್ದು ಸರಿಯಾದ ಪ್ರಶ್ನೆ. "ಅಲ್ಲ ಕಣೋ, ಮುಂದಿನ ಗಾಜು ಅರ್ಧಕ್ಕಿಂತ ಜಾಸ್ತಿ ಮುಚ್ಚಿದೀಯ, ಕತ್ತಲೆ ಯಾಕೆ ಆಗ್ಲಿಲ್ಲ?" ಲೆಕ್ಕ ಅವರದ್ದು ಸರೀನೇ ಇತ್ತು, ಮುಂದಿನ ಲೆನ್ಸಲ್ಲಿ ಕೆಲಸಕ್ಕೆ ಬರೋ ಅಗಲ 46 ಎಂಎಂ, ಅದನ್ನ 30 ಕ್ಕೆ ಇಳಿಸಿದ್ರೆ ವಿಸ್ತೀರ್ಣ ನೂರಕ್ಕೆ 43 ಮಾತ್ರ ಉಳಿಯುತ್ತೆ. ಉತ್ತರ ಏನಂದ್ರೆ ಆ ಮುಚ್ಚಿದ ಭಾಗದ ಬೆಳಕು ಮೊದ್ಲೂ ಅವರ ಕಣ್ಣಿನ ಒಳಗೆ ಹೋಗ್ತಾ ಇರ್ಲಿಲ್ಲ. ಅದನ್ನ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ, ಅದಕ್ಕೆ ತೋರಿಸೋ ಒಂದು ಸೆಟಪ್ ಮಾಡ್ದೆ, ಅದನ್ನೇ ಇಲ್ಲಿ ಪೂರ್ತಿ ಬರೀತಿದೀನಿ.

ಸಾಮಾನು ಹೀಗಿದೆ. ಮುಂದಿನದ್ದು ಶಾಲೆ ಲ್ಯಾಬಿಗೆ ಕೊಡೋ 50 ಎಂಎಂ ಅಗಲದ ಮಾಮೂಲಿ ಉಬ್ಬು ಲೆನ್ಸ್, ಫೋಕಲ್ ಲೆಂತ್ 30 ಸೆಂಟಿಮೀಟರ್. ಅದೇ ಲ್ಯಾಬ್ ಸಾಮಾನಿನ ಅಂಗಡೀಲಿ 5 ಸೆಂಟಿಮೀಟರ್ ತಗ್ಗು ಲೆನ್ಸ್ ಹೇಳಿ ತರಿಸಿದೆ. ಕೆಪ್ಲರ್‌ಗೆ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸ್ಕೊಳ್ಳೋ ಐದು ಪಟ್ಟಿನ ಲೂಪ್ ತಗೊಂಡೆ, ಐದು ಪಟ್ಟು ಅಂದ್ರೆ ಫೋಕಲ್ ಲೆಂತ್ ಸುಮಾರು 50 ಎಂಎಂ, ಗಾಜಿನ ಬೆಳಕು ಬಿಡೋ ಅಗಲ 20 ಎಂಎಂ. ಪೈಪು 50 ಎಂಎಂ ಹೊರಗಡೆ ಅಳತೆಯದ್ದು, ಲೆನ್ಸ್ ಕಪ್ಲರ್ ಒಳಗೆ ಕೂತು ಪೈಪಿನ ತುದಿ ಅದನ್ನ ಹಿಂದಿನಿಂದ ಹಿಡ್ಕೊಳುತ್ತೆ. ಪೈಪಿನ ಗೋಡೆ ದಪ್ಪ ಕಳೆದ್ರೆ ಒಳಗಿನ ಅಗಲ 46 ಎಂಎಂ. ಇದನ್ನ ಮೊದ್ಲೇ ಅಳೆದು ಬರ್ಕೊಳ್ಳಿ, ಯಾಕಂದ್ರೆ ಲೆನ್ಸ್ 50 ಇದ್ರೂ ಕೆಲಸಕ್ಕೆ ಬರೋ ಅಗಲ 46 ಮಾತ್ರ, ಮುಂದಿನ ಲೆಕ್ಕ ಎಲ್ಲ ಇದರ ಮೇಲೇ ನಿಂತಿದೆ. ಹಿಂದಿನ ಲೆನ್ಸ್ ಎರಡನ್ನೂ 40 ಎಂಎಂ ಪೈಪ್ ತುಂಡಿಗೆ ಕೂರಿಸಿ, ಹೊರಗಡೆ ಫ್ಲಾನೆಲ್ ಬಟ್ಟೆ ಸುತ್ತಿದೀನಿ, ದೊಡ್ಡ ಪೈಪಿನ ಒಳಗೆ ಬಿಗಿಯಾಗಿ ಜಾರುತ್ತೆ, ಅದೇ ಫೋಕಸ್ಸು. ಒಳಗೆಲ್ಲ ಮ್ಯಾಟ್ ಕಪ್ಪು ಬಣ್ಣ.

ದೂರದ ವಸ್ತುವಿಗೆ ಫೋಕಸ್ ಮಾಡಿದಾಗ ಗೆಲಿಲಿಯನ್‌ನಲ್ಲಿ ಎರಡು ಲೆನ್ಸ್ ನಡುವೆ 300 ರಲ್ಲಿ 50 ಕಳೆದು 250 ಎಂಎಂ ಅಂತರ, ಕೆಪ್ಲರ್‌ನಲ್ಲಿ 300 ಕ್ಕೆ 50 ಕೂಡಿಸಿ 350 ಎಂಎಂ. ಮೊದಲನೇದ್ರಲ್ಲಿ ಚಿತ್ರ ನೆಟ್ಟಗೆ, ಎರಡನೇದ್ರಲ್ಲಿ ತಲೆಕೆಳಗು.

ಈಗ ಬೆಳಕಿನ ವಿಷಯ. ಒಂದು ನಕ್ಷತ್ರದಿಂದ ಬರೋ ಬೆಳಕು ಪೈಪಿನ ಒಳಗೆ ಹೋಗಿ ಕಣ್ಣಿನ ಪರದೆ ಮುಟ್ಟೋ ತನಕ ಎಷ್ಟೋ ತೂತುಗಳನ್ನ ದಾಟ್ಬೇಕು. ಮುಂದಿನ ಲೆನ್ಸಿನ ಅಂಚು, ಒಳಗಿನ ರಿಂಗು, ಹಿಂದಿನ ಲೆನ್ಸಿನ ಅಂಚು, ಕೊನೇಗೆ ನಮ್ಮ ಕಣ್ಣಿನ ಪಾಪೆ. ಇದರಲ್ಲಿ ನಡುವಿನ ವಸ್ತುವಿನ ಬೆಳಕಿಗೆ ಎಲ್ಲಕ್ಕಿಂತ ಬಿಗಿಯಾಗಿ ಕತ್ತರಿ ಹಾಕೋ ಒಂದು ತೂತು ಇರುತ್ತೆ, ಅದೇ ಅಪರ್ಚರ್ ಸ್ಟಾಪ್. ಹಗಲಲ್ಲಿ ಪಾಪೆ ಸುಮಾರು 3 ಎಂಎಂ. ಆರು ಪಟ್ಟಿನ ಟೆಲಿಸ್ಕೋಪ್‌ನಲ್ಲಿ ಮುಂದೆ ಬಂದ ಬೆಳಕಿನ ಕಂಬ ಹಿಂದೆ ಆರನೇ ಒಂದು ಭಾಗಕ್ಕೆ ಸಣ್ಣಗಾಗಿ ಹೊರಗೆ ಬರುತ್ತೆ, ಹಾಗಾಗಿ ಮುಂದೆ 46 ಇದ್ರೆ ಹಿಂದೆ 7.7 ಎಂಎಂ ಕಂಬ. ಕಣ್ಣಿಗೆ ಹೋಗೋದು ಅದರ ನಡುವಿನ 3 ಎಂಎಂ ಮಾತ್ರ, ಮಿಕ್ಕಿದ್ದು ಕಣ್ಣಿನ ಬಣ್ಣದ ಭಾಗದ ಮೇಲೆ ಬಿದ್ದು ಹೋಗುತ್ತೆ. ಆ 3 ಎಂಎಂ ಅನ್ನ ಮುಂದಕ್ಕೆ ತಂದು ಲೆಕ್ಕ ಹಾಕಿದ್ರೆ 18 ಎಂಎಂ. ಅಂದ್ರೆ ಹಗಲಲ್ಲಿ ಈ ಟೆಲಿಸ್ಕೋಪು ಒಂದು ಬಿಂದುವಿಂದ 18 ಎಂಎಂ ಅಗಲದ ಬೆಳಕನ್ನ ಮಾತ್ರ ಬಳಸುತ್ತೆ, ಮುಂದಿನ ಗಾಜು 46 ಇರ್ಲಿ 30 ಇರ್ಲಿ. ಸ್ಟಾಪ್ ಇರೋದು ಪೈಪಿನಲ್ಲಲ್ಲ, ನೋಡೋರ ಕಣ್ಣಲ್ಲಿ.

ಇದು ಎರಡೂ ಥರಕ್ಕೂ ಒಂದೇ. ವ್ಯತ್ಯಾಸ ಇರೋದು ಆ 18 ಎಂಎಂ ಎಲ್ಲಿದೆ ಅನ್ನೋದ್ರಲ್ಲಿ. ಟೆಲಿಸ್ಕೋಪಿನ ಮುಂದೆ ನಿಂತು ಒಳಗೆ ನೋಡಿದ್ರೆ ಹಿಂದಿನವರ ಪಾಪೆ ಎರಡು ಲೆನ್ಸ್ ದಾಟಿ ಎಲ್ಲೋ ಒಂದು ಕಡೆ ದೊಡ್ಡದಾಗಿ ಕಾಣುತ್ತಲ್ಲ, ಆ ಕಾಣೋ ಪ್ರತಿಬಿಂಬಕ್ಕೆ ಎಂಟ್ರೆನ್ಸ್ ಪ್ಯೂಪಿಲ್ ಅಂತಾರೆ. ಗೆಲಿಲಿಯನ್‌ನಲ್ಲಿ ಅದನ್ನ ಲೆಕ್ಕ ಹಾಕಿ ನೋಡೋಣ. ಪಾಪೆ ಹಿಂದಿನ ಲೆನ್ಸಿಂದ 12 ಎಂಎಂ ಹಿಂದಿದೆ ಅಂತಿಟ್ಕೊಳ್ಳಿ. ತಗ್ಗು ಲೆನ್ಸ್ ಮೂಲಕ ನೋಡಿದ್ರೆ ಅದು 9.7 ಎಂಎಂ ಹಿಂದೆ ಇರೋ ಹಾಗೆ ಕಾಣುತ್ತೆ, ಸ್ವಲ್ಪ ಸಣ್ಣದಾಗಿ. ಅಂದ್ರೆ ಮುಂದಿನ ಲೆನ್ಸಿಂದ 259.7 ಎಂಎಂ. ಮುಂದಿನ ಲೆನ್ಸಿನ ಫೋಕಲ್ ಲೆಂತ್ 300, ಅದಕ್ಕಿಂತ ಒಳಗಡೆ ಇರೋದ್ರಿಂದ ಭೂತಗನ್ನಡಿಯಲ್ಲಿ ಆಗೋ ಹಾಗೆ ಹಿಂದಕ್ಕೆ ಹೋಗಿ ದೊಡ್ಡದಾಗುತ್ತೆ:

```
1/300 - 1/259.7 = -1/1932  (ಸುಮಾರು)
```

ಮುಂದಿನ ಲೆನ್ಸಿಂದ 1932 ಎಂಎಂ ಹಿಂದೆ! ಪೈಪಿನ ಉದ್ದ 25 ಸೆಂಟಿಮೀಟರ್, ಎಂಟ್ರೆನ್ಸ್ ಪ್ಯೂಪಿಲ್ ಇರೋದು ನೋಡೋರ ತಲೆಯಿಂದಾಚೆ ಒಂದೂವರೆ ಮೀಟರ್‌ಗಿಂತ ಹಿಂದೆ. ಅಳತೆ ಮೂರಕ್ಕೆ ಆರು ಪಟ್ಟು, 18 ಎಂಎಂ.

ಕಾಗದದ ಮೇಲೆ ನೋಡಿದ್ರೆ ಇದು ಬರೀ ಲೆಕ್ಕದ ಆಟ ಅನ್ನಿಸುತ್ತೆ, ಆದ್ರೆ ಆ ಬಿಂಬ ನಿಜವಾಗ್ಲೂ ಅಲ್ಲೇ ಕೂತಿರೋದು ಕಣ್ಣಾರೆ ನೋಡ್ಬೋದು. ಪೈಪನ್ನ ಕಾಫಿ ಕಣದ ಕಟ್ಟೆ ಮೇಲೆ ಮರಳಿನ ಚೀಲದಲ್ಲಿ ಕೂರಿಸಿ, ಫೋಕಸ್ ದೂರಕ್ಕೆ ಸೆಟ್ ಮಾಡಿ, ಹಿಂದಿನ ಲೆನ್ಸಿಂದ 12 ಎಂಎಂ ಹಿಂದೆ 3 ಎಂಎಂ ತೂತು ಇರೋ ರಟ್ಟು ಇಟ್ಟೆ. ಅದೇ ಪಾಪೆ. ಅದರ ಹಿಂದೆ ಟ್ರೇಸಿಂಗ್ ಪೇಪರ್, ಅದರ ಹಿಂದೆ ಮೊಬೈಲ್ ಟಾರ್ಚ್. ಸಂಜೆ ಮಬ್ಬು ಬೆಳಕಲ್ಲಿ ಮುಂದಿನಿಂದ ಮೂರು ಮೀಟರ್ ದೂರ ಹೋಗಿ ನಿಂತು ಪೈಪಿನ ಒಳಗೆ ನೋಡಿದ್ರೆ ಬೆಳ್ಳಗೆ ದುಂಡಗಿನ ಬಿಲ್ಲೆ ಕಾಣುತ್ತೆ. ತಲೆ ಎಡಕ್ಕೆ ಬಲಕ್ಕೆ ಆಡಿಸಿ. ಬಿಲ್ಲೆ ಲೆನ್ಸಿನ ಅಂಚಿನ ಜೊತೆ ಇರಲ್ಲ, ಎಲ್ಲೋ ತುಂಬಾ ಹಿಂದೆ ಇರೋ ವಸ್ತು ಥರ ಅಂಚಿನ ಒಳಗೆ ಜಾರುತ್ತೆ. ಈಗ ಪೈಪಿನ ಹಿಂದೆ, ಹಿಂದಿನ ಲೆನ್ಸಿಂದ 1.68 ಮೀಟರ್ ದೂರದಲ್ಲಿ ಸ್ಟೂಲ್ ಮೇಲೆ ಒಂದು ಕೋಲು ನಿಲ್ಲಿಸಿ, ಅದರ ತುದಿ ಪೈಪಿನ ಮೇಲಿಂದ ಕಾಣೋ ಹಾಗೆ. ತಲೆ ಆಡಿಸಿದ್ರೆ ಕೋಲು ಮತ್ತೆ ಬಿಲ್ಲೆ ಎರಡೂ ಒಟ್ಟಿಗೇ ಜಾರ್ತವೆ. ಕೋಲನ್ನ ಒಂದಡಿ ಮುಂದಕ್ಕೆ ತಂದ್ರೆ ಬೇರೆ ಬೇರೆ ಆಗ್ತವೆ. ಪಿಯುಸಿ ಲ್ಯಾಬಲ್ಲಿ ಪಿನ್ ಇಟ್ಟು ಪ್ಯಾರಲಾಕ್ಸ್ ತೆಗೀತಿದ್ವಲ್ಲ, ಅದೇ ವಿಧಾನ. ಕೋಲಿನ ತುದಿಗೆ 18 ಎಂಎಂ ಅಗಲದ ಬಿಳಿ ಕಾಗದ ಅಂಟಿಸಿದ್ರೆ ಅದು ಬಿಲ್ಲೆಯಷ್ಟೇ ಅಗಲ ಕಾಣುತ್ತೆ, ಅಳತೇನೂ ಅಲ್ಲಿಗೆ ಸಿಕ್ಕಿತು.

ಆದ್ರೆ ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ಇದರ ಮುಂದಿನದ್ದು. ತಲೆಯನ್ನ ನಡುವಿಂದ ನಿಧಾನಕ್ಕೆ ಪಕ್ಕಕ್ಕೆ ಸರಿಸ್ತಾ ಹೋಗಿ. ಸುಮಾರು 4.5 ಸೆಂಟಿಮೀಟರ್ ಸರಿದಾಗ ಬಿಲ್ಲೆಯ ಒಂದು ಅಂಚನ್ನ ಪೈಪಿನ ಬಾಯಿ ಕಚ್ಚೋಕೆ ಶುರು ಮಾಡುತ್ತೆ. 6 ಸೆಂಟಿಮೀಟರ್ ಹತ್ರ ಅರ್ಧ ಬಿಲ್ಲೆ ಮರೆ. 7.3 ದಾಟಿದ ಮೇಲೆ ಬಿಲ್ಲೆನೇ ಇಲ್ಲ. ಈಗ ಯೋಚ್ನೆ ಮಾಡಿ, ಮುಂದೆ ನಿಂತಿರೋ ನೀವೇ ಟೆಲಿಸ್ಕೋಪು ನೋಡ್ತಿರೋ ವಸ್ತು. ನಿಮ್ಮಿಂದ ಎಷ್ಟು ಬಿಲ್ಲೆ ಕಾಣುತ್ತೋ ನಿಮ್ಮ ಬೆಳಕು ಅಷ್ಟೇ ಕಣ್ಣಿಗೆ ಹೋಗೋದು. ನಡುವೆ ನಿಂತಿದ್ರೆ ಪೂರ್ತಿ, ಸ್ವಲ್ಪ ಪಕ್ಕ ಹೋದ್ರೆ ಅರ್ಧ, ಇನ್ನೂ ಪಕ್ಕ ಹೋದ್ರೆ ಸೊನ್ನೆ. ಗೆಲಿಲಿಯನ್ ನೋಟದ ಅಂಚು ಯಾಕೆ ಚೂಪಾಗಿ ನಿಲ್ಲದೆ ಮಸುಕಾಗಿ ಕರಗುತ್ತೆ ಅನ್ನೋದು ಇಷ್ಟೇ.

ಕಿಟಕಿಯಿಂದ ಎರಡು ಮೀಟರ್ ಹಿಂದೆ ನಿಂತು ಹೊರಗೆ ನೋಡಿದ್ರೆ ಸ್ವಲ್ಪಾನೇ ಕಾಣುತ್ತಲ್ಲ, ಗೆಲಿಲಿಯನ್‌ನಲ್ಲಿ ಆಗ್ತಿರೋದು ಅದೇ. ಕಿಟಕಿ ಅಂದ್ರೆ 46 ಎಂಎಂ ಮುಂದಿನ ಲೆನ್ಸ್, ನಿಂತಿರೋ ಜಾಗ 1932 ಎಂಎಂ ಹಿಂದೆ. 46 ಅನ್ನ 1932 ರಿಂದ ಭಾಗಿಸಿದ್ರೆ 0.0238, ಡಿಗ್ರಿಯಲ್ಲಿ 1.36. ಇದು ಅರ್ಧ ಬೆಳಕಿನ ಅಂಚಿನ ಲೆಕ್ಕ. ಪೂರ್ತಿ ಬೆಳಕು ಇರೋ ನಡುವಿನ ಭಾಗಕ್ಕೆ 46 ರಿಂದ 18 ಕಳೀರಿ, 0.83 ಡಿಗ್ರಿ ಬರುತ್ತೆ. ಪೂರ್ತಿ ಕತ್ತಲೆ ಆಗೋ ಕಡೆಗೆ 18 ಕೂಡಿಸಿ, 1.9 ಡಿಗ್ರಿ. ಮುಂದೆ 30 ಎಂಎಂ ರಟ್ಟು ಹಾಕಿದ್ರೆ ಕಿಟಕಿನೇ ಚಿಕ್ಕದಾಯ್ತು, 1.36 ಇದ್ದದ್ದು 0.89 ಕ್ಕೆ ಇಳೀತು. ಬಿಲ್ಲೆ 18 ಇದ್ದದ್ದು 18 ಇದೆ, ಹಾಗಾಗಿ ನಡುವಿನ ಬೆಳಕು ಅಷ್ಟೇ. ಭಾವನಿಗೆ ಇದನ್ನ ಮುಂದೆ ನಿಲ್ಲಿಸಿ ತೋರಿಸ್ದೆ, ರಟ್ಟು ಹಾಕಿ ತೆಗೆದು ಮಾಡ್ತಾ. "ಬಿಲ್ಲೆ ಮುಟ್ಟಲೇ ಇಲ್ವಲ್ಲೋ ರಟ್ಟು" ಅಂದ್ರು. ಹೌದು, ರಟ್ಟು ಬಿಲ್ಲೆ ಮುಟ್ಟೋದು ತೂತು 18 ಕ್ಕಿಂತ ಚಿಕ್ಕದಾದಾಗ. 12 ಎಂಎಂ ತೂತಿನ ರಟ್ಟು ಹಾಕಿದ್ರೆ ಹಗಲಲ್ಲೂ ಕಣ್ಣಿಗೆ ಗೊತ್ತಾಗೋ ಹಾಗೆ ಕತ್ತಲೆ ಆಗುತ್ತೆ, ಬೆಳಕು ನೂರಕ್ಕೆ 44 ಕ್ಕೆ ಬರುತ್ತೆ. ಆಗ ಸ್ಟಾಪ್ ಕಣ್ಣಿಂದ ಎದ್ದು ರಟ್ಟಿಗೆ ಹೋಯ್ತು ಅಂತ ಅರ್ಥ. ನಿಮ್ಮ ಟೆಲಿಸ್ಕೋಪ್‌ನಲ್ಲಿ ಸ್ಟಾಪ್ ಯಾವುದು ಅಂತ ಅನುಮಾನ ಇದ್ರೆ ಇದೇ ಪರೀಕ್ಷೆ: ಯಾವ ತೂತನ್ನ ಸ್ವಲ್ಪ ಚಿಕ್ಕದು ಮಾಡಿದ ತಕ್ಷಣ ನಡುವಿನ ಚಿತ್ರ ಕತ್ತಲೆ ಆಗುತ್ತೋ ಅದೇ.

ಕಣ್ಣನ್ನ ಎಲ್ಲಿಡ್ತೀವಿ ಅನ್ನೋದು ಇದರಲ್ಲಿ ತುಂಬಾ ಮುಖ್ಯ. ಕಣ್ಣು 1 ಎಂಎಂ ಹಿಂದೆ ಸರಿದ್ರೆ ಎಂಟ್ರೆನ್ಸ್ ಪ್ಯೂಪಿಲ್ 36 ಎಂಎಂ ಹಿಂದೆ ಸರಿಯುತ್ತೆ, ಆರು ಪಟ್ಟಿನ ವರ್ಗ. ಕನ್ನಡಕ ಹಾಕ್ಕೊಂಡು ನೋಡೋರ ಪಾಪೆ 12 ರ ಬದಲು 20 ಎಂಎಂ ಹಿಂದೆ ಇದ್ರೆ ಕಿಟಕಿಯಿಂದ 2220 ಎಂಎಂ ದೂರ ಆಯ್ತು, ನೋಟ 1.36 ರಿಂದ 1.19 ಡಿಗ್ರಿಗೆ ಬಂತು. ಅದಕ್ಕೇ ಹಿಂದಿನ ಲೆನ್ಸನ್ನ ಪೈಪಿನ ತುದಿಗೇ ತಂದು ಕೂರಿಸಿದೀನಿ, ಒಳಗೆ ತಗ್ಗಿಸಿ ಕೂರಿಸಬಾರದು. ರೆಪ್ಪೆ ತಾಗೋ ಅಷ್ಟು ಹತ್ರ ಹೋಗಿ ನೋಡ್ಬೇಕು. ದೂರದೃಷ್ಟಿ ಸಮೀಪದೃಷ್ಟಿ ಮಾತ್ರ ಇರೋರು ಕನ್ನಡಕ ತೆಗೆದು ಫೋಕಸ್ ಸರಿಮಾಡ್ಕೊಂಡ್ರೆ ಸಾಕು.

ಇನ್ನು ಕೆಪ್ಲರ್. ತಗ್ಗು ಲೆನ್ಸ್ ತೆಗೆದು ಲೂಪ್ ಹಾಕಿ, ಅಂತರ 350 ಮಾಡಿ, ಹಗಲಲ್ಲಿ ಬೆಳ್ಳಗಿನ ಆಕಾಶದ ಕಡೆ ತಿರುಗಿಸಿ (ಸೂರ್ಯನ ಕಡೆ ಅಲ್ಲ, ಅಪ್ಪಿ ತಪ್ಪಿ ಕೂಡ ಅಲ್ಲ). ಹಿಂದೆ ಟ್ರೇಸಿಂಗ್ ಪೇಪರ್ ಹಿಡಿದು ಮುಂದೆ ಹಿಂದೆ ಸರಿಸಿದ್ರೆ ಒಂದು ಕಡೆ ಚೂಪಾದ ಅಂಚಿನ ಸಣ್ಣ ಬೆಳಕಿನ ವೃತ್ತ ಸಿಗುತ್ತೆ. ನನ್ನದ್ರಲ್ಲಿ ಲೂಪ್‌ನಿಂದ 58 ಎಂಎಂ ಹಿಂದೆ, ಅಗಲ 7.7 ಎಂಎಂ. ಇದು ಮುಂದಿನ ಲೆನ್ಸಿನ ಬಾಯಿಯ ಬಿಂಬ, ಎಕ್ಸಿಟ್ ಪ್ಯೂಪಿಲ್. ಪೈಪಿನ ಮುಂದೆ ಪೆನ್ಸಿಲ್ ಅಡ್ಡ ಹಿಡಿದ್ರೆ ಈ ವೃತ್ತದಲ್ಲಿ ಪೆನ್ಸಿಲ್ಲಿನ ನೆರಳು ಚೂಪಾಗಿ ಕಾಣುತ್ತೆ, ಅದರಿಂದ ಖಾತ್ರಿ ಆಗುತ್ತೆ. ಗೆಲಿಲಿಯನ್‌ನಲ್ಲಿ ಎಷ್ಟು ಹುಡುಕಿದ್ರೂ ಇದು ಪೇಪರ್ ಮೇಲೆ ಸಿಗಲ್ಲ, ಅದರ ಮುಂದಿನ ಲೆನ್ಸಿನ ಬಿಂಬ ಪೈಪಿನ ಒಳಗಡೆನೇ, ಹಿಂದಿನ ಲೆನ್ಸಿಂದ 42 ಎಂಎಂ ಒಳಗೆ ಇರುತ್ತೆ, ಅಲ್ಲಿಗೆ ಕಣ್ಣು ತಗೊಂಡು ಹೋಗೋಕೆ ಆಗಲ್ಲ.

ಕೆಪ್ಲರ್‌ನ ಪೂರ್ತಿ ಗುಣ ಈ 58 ಎಂಎಂ ಜಾಗದಲ್ಲಿದೆ. ಪಾಪೆಯನ್ನ ಅಲ್ಲಿಟ್ರೆ, ಪಾಪೆಯ ಬಿಂಬ ವಾಪಸ್ ಹೋಗಿ ಸರಿಯಾಗಿ ಮುಂದಿನ ಲೆನ್ಸಿನ ಮೇಲೇ ಕೂರುತ್ತೆ. ಟಾರ್ಚ್ ರಟ್ಟನ್ನ 58 ಎಂಎಂ ಹತ್ರ ಇಟ್ಟು ಮುಂದೆ ಹೋಗಿ ನೋಡಿದ್ರೆ ಅದೇ 18 ಎಂಎಂ ಬಿಲ್ಲೆ, ಆದ್ರೆ ತಲೆ ಆಡಿಸಿದ್ರೆ ಜಾರಲ್ಲ, ಗಾಜಿನ ಮೇಲೆ ಸ್ಟಿಕರ್ ಅಂಟಿಸಿದ ಹಾಗೆ ನಡುವಲ್ಲೇ ನಿಂತಿರುತ್ತೆ. ಪೈಪಿನ ಬಾಯಿ ಅದನ್ನ ಕಚ್ಚೋ ಪ್ರಶ್ನೆನೇ ಇಲ್ಲ. ಕಣ್ಣು ಕಿಟಕಿಗೇ ತಾಗಿ ನಿಂತಾಯ್ತು. ಅದಕ್ಕೇ 30 ಎಂಎಂ ರಟ್ಟು ಇಲ್ಲಿ ನೋಟಾನ ಏನೂ ಮಾಡಲ್ಲ.

ಹಾಗಾದ್ರೆ ಇಲ್ಲಿ ನೋಟ ಕತ್ತರಿಸೋದು ಯಾವುದು? ಲೂಪಿನ 20 ಎಂಎಂ ಗಾಜು. ಪಕ್ಕದಿಂದ ಬರೋ ಬೆಳಕು ಮುಂದಿನ ಲೆನ್ಸಿನ ನಡುವೆ ದಾಟಿ ಓರೆಯಾಗಿ ಹೋಗಿ ಲೂಪನ್ನ ಮುಟ್ಟಬೇಕು, ಲೂಪ್ ದಾಟಿ ಹೊರಗೆ ಹೋದ್ರೆ ಮುಗೀತು. 20 ಅನ್ನ 350 ರಿಂದ ಭಾಗಿಸಿದ್ರೆ 3.27 ಡಿಗ್ರಿ. ಆದ್ರೆ ಇದೂ ಅರ್ಧ ಬೆಳಕಿನ ಅಂಚೇ, ಮೇಲಾಗಿ ಲೂಪಿನ ಅಂಚಿನ ಗಾಜಲ್ಲಿ ಬಣ್ಣ ಬಿಚ್ಕೊಂಡು ಗೆರೆಗಳು ಬಾಗ್ತವೆ. ಇದನ್ನ ಸರಿ ಮಾಡೋಕೆ ಫೀಲ್ಡ್ ಸ್ಟಾಪ್ ಹಾಕ್ಬೇಕು. ಕೆಪ್ಲರ್‌ನಲ್ಲಿ ಮುಂದಿನ ಲೆನ್ಸಿಂದ 300 ಎಂಎಂ ಹತ್ರ ನಿಜವಾದ ಚಿತ್ರ ಮೂಡಿರುತ್ತೆ, ಲೂಪ್‌ಗಿಂತ 50 ಎಂಎಂ ಮುಂದೆ. ಅಲ್ಲಿ ಕರಿ ರಟ್ಟಿನ ಒಂದು ರಿಂಗ್ ಇಟ್ರೆ ಚಿತ್ರದ ಜೊತೆಗೆ ರಿಂಗಿನ ಅಂಚೂ ಚೂಪಾಗಿ ಕಾಣುತ್ತೆ. ಎಷ್ಟು ದೊಡ್ಡ ತೂತು ಅಂದ್ರೆ, 18 ಎಂಎಂ ಕಂಬ ಲೂಪ್ ತಲುಪಿದಾಗ 3 ಎಂಎಂ ಅಗಲ ಆಗಿರುತ್ತೆ, ಅದು ಪೂರ್ತಿ ಗಾಜಿನ ಒಳಗೆ ಬೀಳ್ಬೇಕಂದ್ರೆ ಅದರ ನಡು 10 ರಲ್ಲಿ 1.5 ಕಳೆದು 8.5 ಎಂಎಂ ಒಳಗಿರ್ಬೇಕು. 350 ರಲ್ಲಿ 8.5, ಹಾಗಾದ್ರೆ 300 ರಲ್ಲಿ 7.3, ಎರಡೂ ಕಡೆ ಸೇರಿ 14.5 ಎಂಎಂ ತೂತು. ನೋಟ 2.77 ಡಿಗ್ರಿ. ರಿಂಗನ್ನ ಲೂಪಿನ ಪೈಪ್ ತುಂಡಿನ ಒಳಗೇ ಅಂಟಿಸೋದು ಒಳ್ಳೇದು, ಫೋಕಸ್ ಮಾಡಿದಾಗ ಅದೂ ಜೊತೆಗೆ ಹೋಗುತ್ತೆ. ಅಂಟಿಸೋ ಮುಂಚೆ ಲೂಪ್ ಮೂಲಕ ನೋಡ್ತಾ ಹಿಂದೆ ಮುಂದೆ ಸರಿಸಿ, ರಟ್ಟಿನ ಅಂಚಿನ ನಾರು ಕೂಡ ಎದ್ದು ಕಾಣೋ ಜಾಗದಲ್ಲಿ ಫೆವಿಕಾಲ್ ಹಾಕಿ.

ಗೆಲಿಲಿಯನ್‌ಗೆ ಇಂಥ ರಿಂಗ್ ಇಡೋ ಜಾಗನೇ ಇಲ್ಲ. ಮುಂದಿನ ಲೆನ್ಸಿನ ಚಿತ್ರ ಮೂಡ್ಬೇಕಾಗಿದ್ದು 300 ರಲ್ಲಿ, ತಗ್ಗು ಲೆನ್ಸ್ 250 ರಲ್ಲೇ ಅಡ್ಡ ಬಂದು ಬೆಳಕನ್ನ ನೆಟ್ಟಗೆ ಮಾಡ್ಬಿಡುತ್ತೆ, ಪೈಪಿನ ಒಳಗೆ ಎಲ್ಲೂ ಚಿತ್ರ ಇಲ್ಲ. ಎಲ್ಲಿ ರಿಂಗ್ ಇಟ್ರೂ ಅಂಚು ಮಸುಕೇ.

ಕೆಪ್ಲರ್‌ನಲ್ಲಿ ಕೆಡೋ ಜಾಗ ಒಂದಿದೆ, ಒಳಗಿನ ಬ್ಯಾಫಲ್ ರಿಂಗು. ಗೋಡೆ ಹೊಳಪು ಕಣ್ಣಿಗೆ ಬರಬಾರದು ಅಂತ ಹಾಕ್ತೀವಿ, ತೂತು ಸ್ವಲ್ಪ ಚಿಕ್ಕದಾದ್ರೆ ಅದೇ ಗುಟ್ಟಾಗಿ ಸ್ಟಾಪ್ ಆಗ್ಬಿಡುತ್ತೆ. ಬೇಕಂತಲೇ ಮಾಡಿ ನೋಡ್ದೆ: ಮುಂದಿನ ಲೆನ್ಸಿಂದ 150 ಎಂಎಂ ಹಿಂದೆ 20 ಎಂಎಂ ತೂತಿನ ರಿಂಗ್. ಆ ಜಾಗದಲ್ಲಿ 46 ಎಂಎಂ ಕಂಬ 23 ಕ್ಕೆ ಇಳಿದಿರುತ್ತೆ, 20 ಅಂದ್ರೆ ಕತ್ತರಿ ಬಿತ್ತು. ಕಣ್ಣಲ್ಲಿ ನೋಡಿದ್ರೆ ಹಗಲಲ್ಲಿ ಏನೂ ಗೊತ್ತಾಗಲ್ಲ. ಆದ್ರೆ ಟ್ರೇಸಿಂಗ್ ಪೇಪರ್ ಎರಡು ಸುಳಿವು ಕೊಡುತ್ತೆ. ವೃತ್ತದ ಅಗಲ 7.7 ಇರ್ಬೇಕಾದ್ದು 6.7 ಆಗಿರುತ್ತೆ, ಮತ್ತೆ ಅದು ಚೂಪಾಗೋದು 58 ರ ಬದಲು 67 ಎಂಎಂ ಹಿಂದೆ. ಅಂಚು ಲೆನ್ಸಿನದ್ದಲ್ಲ, ರಿಂಗಿಂದು ಅಂತ ಆ ದೂರನೇ ಹೇಳುತ್ತೆ. 46 ಎಂಎಂ ಗಾಜಿಗೆ ದುಡ್ಡು ಕೊಟ್ಟು 40 ಎಂಎಂ ಕೆಲಸ. ಅಲ್ಲಿ ಕಂಬದ 23 ಕ್ಕೆ ಓರೆ ಬೆಳಕಿನ 7 ಸೇರಿಸಿದ್ರೆ 30 ಆಗುತ್ತೆ, ನಾನು 32 ಎಂಎಂ ಕೊರೆದು ಹಾಕಿದೀನಿ.

ಅಳೆದು ನೋಡೋಕೆ ನಮ್ಮ ತೋಟದಲ್ಲಿ ಮೆಣಸು ಕುಯ್ಯೋ ಏಣಿನೇ ಸಾಕಾಯ್ತು. 100 ಮೀಟರ್ ಟೇಪ್ ಹಿಡಿದು ಅಳೆದು ಸಿಲ್ವರ್ ಮರಕ್ಕೆ ಏಣಿ ಒರಗಿಸಿದ್ವಿ, ಮೆಟ್ಟಿಲು ಮೆಟ್ಟಿಲಿಗೆ 30 ಸೆಂಟಿಮೀಟರ್. ಲೆಕ್ಕದ ಪ್ರಕಾರ ಗೆಲಿಲಿಯನ್‌ನಲ್ಲಿ 2.4 ಮೀಟರ್, ಎಂಟು ಮೆಟ್ಟಿಲಿನ ಎತ್ತರ ಕಾಣ್ಬೇಕು. ಕಂಡಿದ್ದೂ ಹಾಗೇ, ಆದ್ರೆ ಮೇಲೆ ಕೆಳಗಿನ ಮೆಟ್ಟಿಲು ಇದೆಯೋ ಇಲ್ವೋ ಅನ್ನೋ ಹಾಗೆ ಕಂದು ಮಬ್ಬಲ್ಲಿ ಕರಗ್ತಿತ್ತು, ಎಣಿಸೋವಾಗ ಕಣ್ಣನ್ನ ಒಂಚೂರು ಮೇಲಕ್ಕೋ ಕೆಳಕ್ಕೋ ತಂದ್ರೆ ಒಂದು ಕಡೆ ಇನ್ನೊಂದು ಮೆಟ್ಟಿಲು ಸಿಗೋದು, ಇನ್ನೊಂದು ಕಡೆ ಒಂದು ಹೋಗೋದು. ಕೆಪ್ಲರ್‌ನಲ್ಲಿ 4.8 ಮೀಟರ್, ತಲೆಕೆಳಗಾಗಿ ಹದಿನಾರು ಮೆಟ್ಟಿಲು, ಅಂಚು ಚಾಕು ಹಾಕಿದ ಹಾಗೆ. 30 ಎಂಎಂ ರಟ್ಟು ಹಾಕಿದ್ರೂ ಹದಿನಾರು ಹದಿನಾರೇ, ಗೆಲಿಲಿಯನ್‌ನಲ್ಲಿ ಎಂಟು ಐದಕ್ಕೆ ಇಳೀತು.

ರಾತ್ರಿ ಕಥೆ ಸ್ವಲ್ಪ ಬೇರೆ, ಕತ್ತಲಲ್ಲಿ ಪಾಪೆ 6 ಎಂಎಂ ತನಕ ಅಗಲ ಆಗುತ್ತೆ, ಬಿಲ್ಲೆ 36 ಎಂಎಂ ಆಗುತ್ತೆ. ಈಗ 30 ಎಂಎಂ ರಟ್ಟು ನಿಜವಾಗ್ಲೂ ಬೆಳಕು ತಡೆಯುತ್ತೆ, ಹಗಲಲ್ಲಿ ಸುಮ್ಮನಿದ್ದ ರಟ್ಟು ರಾತ್ರಿ ಅಪರ್ಚರ್ ಸ್ಟಾಪ್. ಜನವರಿ ಫೆಬ್ರವರಿಯಲ್ಲಿ ಸಂಜೆ ಹೊತ್ತಿಗೆ ಒರೈಯನ್ ನೆತ್ತಿ ಹತ್ರ ಇರುತ್ತೆ, ಚಿಕ್ಕಮಗಳೂರಿಂದ ಹೊರಗೆ ತೋಟದ ಕಡೆ ಬಂದ್ರೆ ಕಣದಲ್ಲೇ ನಿಂತು ನೋಡ್ಬೋದು. ಅದರ ಬೆಲ್ಟಿನ ಮೂರು ನಕ್ಷತ್ರದ ಈ ತುದಿಯಿಂದ ಆ ತುದಿಗೆ 2.7 ಡಿಗ್ರಿ ಚಿಲ್ಲರೆ. ಕೆಪ್ಲರ್‌ನಲ್ಲಿ ಮೂರೂ ಕೂದಲೆಳೆಯಲ್ಲಿ ಹಿಡೀತವೆ, ಎರಡು ಅಂಚಲ್ಲಿ ಎರಡು, ನಡುವೆ ಒಂದು. ಗೆಲಿಲಿಯನ್‌ನಲ್ಲಿ ಎರಡು ಹಿಡಿಸೋದೇ ಕಷ್ಟ, ಪಕ್ಕಪಕ್ಕದ ಎರಡರ ನಡುವೆ ಸುಮಾರು 1.4 ಡಿಗ್ರಿ ಇರೋದ್ರಿಂದ ಎರಡೂ ಅರ್ಧ ಬೆಳಕಿನ ಅಂಚಲ್ಲಿ ಮಂಕಾಗಿ ನಿಲ್ತವೆ. ಪೈಪನ್ನ ಅಲುಗಾಡದ ಹಾಗೆ ಕೂರಿಸಿ ಬೆಲ್ಟಿನ ಪಡುವಣ ತುದಿಯ ಮಿಂಟಕ ನಕ್ಷತ್ರ ಹರಿದು ಹೋಗೋದನ್ನ ನೋಡಿ, ಅದು ಆಕಾಶದ ನಡುಗೆರೆಗೆ ತೀರಾ ಹತ್ರ ಇರೋದ್ರಿಂದ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತೆ. ಕೆಪ್ಲರ್‌ನಲ್ಲಿ ನಡುವೆ ಹಾದು ಹೋಗೋಕೆ ಹನ್ನೊಂದು ನಿಮಿಷ, ರಿಂಗಿನ ಅಂಚು ತಲುಪಿದ ಕೂಡ್ಲೇ ಪಟ್ಟನೆ ಮಾಯ. ಗೆಲಿಲಿಯನ್‌ನಲ್ಲಿ ಕಣ್ಣು ಕದಲಿಸದೆ ನೋಡಿದ್ರೆ ನಾಲ್ಕು ನಿಮಿಷದಷ್ಟು ಹೊತ್ತು ನಿಧಾನಕ್ಕೆ ಮಂಕಾಗ್ತಾ ಮಂಕಾಗ್ತಾ ಆರಿ ಹೋಗುತ್ತೆ.

ರಾತ್ರಿ ಇನ್ನೊಂದು ತೊಂದರೆ ಬಣ್ಣದ್ದು. ಒಂಟಿ ಗಾಜಿನ ಲೆನ್ಸ್ ಕೆಂಪು ನೀಲಿ ಬೇರೆ ಬೇರೆ ಕಡೆ ಫೋಕಸ್ ಮಾಡುತ್ತೆ, ಹಗಲಲ್ಲಿ 18 ಎಂಎಂ ಮಾತ್ರ ಬಳಕೆ ಆಗ್ತಿದ್ದದ್ರಿಂದ ಅಷ್ಟಾಗಿ ಕಾಣಲ್ಲ, ರಾತ್ರಿ 36 ಎಂಎಂ ತೆರ್ಕೊಂಡಾಗ ಹೊಳೆಯೋ ನಕ್ಷತ್ರದ ಸುತ್ತ ನೇರಳೆ ಬಣ್ಣದ ಗರಿ ಎದ್ದು ನಿಲ್ಲುತ್ತೆ. ಗೆಲಿಲಿಯೋ ಕೂಡ ತನ್ನ ಲೆನ್ಸಿಗೆ ಮುಂದೆ ರಟ್ಟಿನ ರಿಂಗ್ ಹಾಕಿ ಅಂಚಿನ ಗಾಜನ್ನ ಮುಚ್ಚಿದ್ದ, ಚಿತ್ರ ಚೊಕ್ಕ ಆಗ್ಲಿ ಅಂತ. ಅವನ ಥರದ ಟೆಲಿಸ್ಕೋಪಲ್ಲಿ ಅದರ ಬೆಲೆ ನೋಟದಲ್ಲಿ ಕಟ್ಬೇಕಿತ್ತು. ಕೆಪ್ಲರ್ 1611 ರಲ್ಲಿ ಹಿಂದೆ ಉಬ್ಬು ಲೆನ್ಸ್ ಇಡ್ಬೋದು ಅಂತ ಬರೆದ, ಆ ಜೋಡಣೆಯಲ್ಲಿ ರಿಂಗ್ ಹಾಕಿದ್ರೆ ಬೆಳಕು ಮಾತ್ರ ಕಡಿಮೆ ಆಗುತ್ತೆ, ನೋಟ ಉಳಿಯುತ್ತೆ. ನಾನು ರಾತ್ರಿಗೆ ಕೆಪ್ಲರ್ ಮುಂದೆ 24 ಎಂಎಂ ರಿಂಗ್ ಹಾಕ್ತೀನಿ, ಹಿಂದೆ 4 ಎಂಎಂ ವೃತ್ತ ಬರುತ್ತೆ, ನಕ್ಷತ್ರ ಚುಕ್ಕಿ ಥರ ಕಾಣುತ್ತೆ.

ಕೆಪ್ಲರ್ ಹಿಂದೆ 58 ಎಂಎಂ ದೂರದಲ್ಲಿ ಕಣ್ಣನ್ನ ಗಾಳೀಲಿ ನಿಲ್ಲಿಸೋದು ಕಷ್ಟ, ಅದಕ್ಕೆ ಲೂಪಿನ ಹಿಂದೆ ಇನ್ನೊಂದು ಪೈಪ್ ತುಂಡು ಸೇರಿಸಿ ಹುಬ್ಬು ಆನಿಸೋಕೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದೀನಿ. ಉದ್ದ 45 ಎಂಎಂ ಇಟ್ಟಿದೀನಿ, ಹುಬ್ಬಿಂದ ಪಾಪೆ ಒಂದಿಷ್ಟು ಒಳಗೇ ಇರುತ್ತಲ್ಲ. ಕಣ್ಣು 80 ಎಂಎಂ ತನಕ ಹಿಂದೆ ಹೋದ್ರೆ ಲೂಪಿನ ಅಂಚು ನೋಟದ ಅಂಚನ್ನ ತಿಂದ್ಬಿಡುತ್ತೆ, ಫೀಲ್ಡ್ ಸ್ಟಾಪಿನ ಚೂಪು ಗೆರೆ ಕಾಣ್ದೆ ಹೋದ್ರೆ ಕಣ್ಣು ದೂರ ಇದೆ ಅಂತ ಅರ್ಥ.

ತೋಟದಲ್ಲಿ ಹಗಲು ಓಡಾಡೋಕೆ ನೆಟ್ಟಗೆ ತೋರಿಸೋ ಗೆಲಿಲಿಯನ್ನೇ ಭಾವನಿಗೆ ಬೇಕಂತೆ, ಮುಳ್ಳಯ್ಯನಗಿರಿ ತುದಿಯ ಮೆಟ್ಟಿಲಲ್ಲಿ ಜನ ಹತ್ತೋದು ನೋಡ್ಬೇಕಂತೆ. "ಇನ್ನೂ ಅಗಲ ಕಾಣೋ ಹಾಗೆ ಮಾಡೋಕಾಗಲ್ವಾ?" ಅಂದ್ರು. ಆಗುತ್ತೆ ಭಾವ, ಅದೇ 300 ಎಂಎಂ ಫೋಕಲ್ ಲೆಂತ್‌ನಲ್ಲಿ 75 ಎಂಎಂ ಅಗಲದ ಲೆನ್ಸ್ ಹಾಕ್ಬೇಕು, ಪೈಪ್ ಗೋಡೆ ಕಳೆದು 70 ಉಳಿದ್ರೆ 2.1 ಡಿಗ್ರಿ ಸಿಗುತ್ತೆ, ಹಗಲಲ್ಲಿ ಬೆಳಕು ಮಾತ್ರ ಈಗಿರೋದಕ್ಕಿಂತ ಒಂಚೂರೂ ಜಾಸ್ತಿ ಆಗಲ್ಲ. ಲೆನ್ಸಿಗೆ ಹೇಳಿದೀನಿ, ಬಂದ್ಮೇಲೆ ಅದೇ ಏಣಿ ಒರಗಿಸಿ ಮೆಟ್ಟಿಲು ಎಣಿಸ್ಬೇಕು, ಲೆಕ್ಕದ ಪ್ರಕಾರ ಹನ್ನೆರಡು ಕಾಣ್ಬೇಕು.